ಕೋಲಾರದ ಹತ್ರ ಗ್ರಿಡ್ ಬೇರಿಂಗ್‌ನ ಟ್ರೂ ಬೇರಿಂಗ್ ಮಾಡಿ ಕಾಂಪಾಸ್‌ಗೆ ಇಳಿಸೋದು: ನನ್ನ ಅನುಭವ

ನನ್ನ ಕೆಲಸ ಅಂತರ್ಜಲದ್ದು. ಸ್ಯಾಟಲೈಟ್ ಇಮೇಜ್ ಮೇಲೆ ಲೀನಿಯಮೆಂಟ್ ಗುರುತು ಮಾಡೋದು, ಆಮೇಲೆ ಹೊಲಕ್ಕೆ ಹೋಗಿ ಅದನ್ನ ಅಡ್ಡ ದಾಟೋ ಹಾಗೆ ರೆಸಿಸ್ಟಿವಿಟಿ ಲೈನ್ ಹಾಕೋದು. ಲೈನ್‌ನ ದಿಕ್ಕು ಕಂಪ್ಯೂಟರಲ್ಲಿ ಯುಟಿಎಂ ಗ್ರಿಡ್ ಮೇಲೆ ಬರತ್ತೆ, ಹೊಲದಲ್ಲಿ ಕೈಲಿರೋದು ಬ್ರಂಟನ್ ಕಾಂಪಾಸ್. ಗ್ರಿಡ್ ಹೇಳೋ ಉತ್ತರ ಬೇರೆ, ಕಾಂಪಾಸ್ ಹೇಳೋ ಉತ್ತರ ಬೇರೆ, ನಿಜವಾದ ಉತ್ತರ ಇವೆರಡೂ ಅಲ್ಲ. ನಮ್ಮ ಕಡೆ ವ್ಯತ್ಯಾಸ ಒಂದೆರಡು ಡಿಗ್ರಿ ತಾನೆ, ಯಾರು ನೋಡ್ತಾರೆ ಅಂತ ತುಂಬ ಜನ ಬಿಟ್ಬಿಡ್ತಾರೆ. ಆದ್ರೆ ಕೋಲಾರ ಜಿಲ್ಲೇಲಿ ಕೆಲಸ ಮಾಡೋರು ಹಾಗೆ ಬಿಡೋ ಹಾಗಿಲ್ಲ, ಯಾಕಂದ್ರೆ ಇಲ್ಲಿ ಯುಟಿಎಂ ಝೋನೇ ಬದಲಾಗತ್ತೆ.

78 ಡಿಗ್ರಿ ಪೂರ್ವ ರೇಖಾಂಶ ಕೋಲಾರ ಪಟ್ಟಣಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ಹಾದು ಹೋಗತ್ತೆ. ಅದರ ಈ ಕಡೆ, ಅಂದ್ರೆ ಪಶ್ಚಿಮಕ್ಕೆ, ಝೋನ್ 43, ಸೆಂಟ್ರಲ್ ಮೆರಿಡಿಯನ್ 75. ಆ ಕಡೆ ಝೋನ್ 44, ಸೆಂಟ್ರಲ್ ಮೆರಿಡಿಯನ್ 81. ಕರ್ನಾಟಕದ ಬಹುಪಾಲು ಝೋನ್ 43ರಲ್ಲೇ ಮುಗಿದೋಗತ್ತೆ, ಅದಕ್ಕೆ ಬೇರೆ ಜಿಲ್ಲೆಯಿಂದ ಬಂದೋರಿಗೆ ಇದು ತಲೇಗೇ ಬಂದಿರಲ್ಲ. ನಮ್ಮ ಜೊತೆ ಹೊಸದಾಗಿ ಸೇರಿದ್ದ ಹುಡುಗ ಒಬ್ಬ ಹ್ಯಾಂಡ್‌ಹೆಲ್ಡ್ ಹಿಡ್ಕೊಂಡು ಪೂರ್ವಕ್ಕೆ ನಡೀತಾ ಇದ್ದೋನು ನಿಂತ್ಕೊಂಡು "ಸಾರ್, ಜಿಪಿಎಸ್ ಕೆಟ್ಟೋಯ್ತು ಸಾರ್" ಅಂದ, ನೋಡಿದ್ರೆ ಈಸ್ಟಿಂಗ್ 8,25,000 ಹತ್ರ ಇದ್ದಿದ್ದು 1,75,000 ಹತ್ರ ಬಂದಿದೆ. ಕೆಟ್ಟಿಲ್ಲ ಕಣೋ, ಝೋನ್ ದಾಟಿದೀಯ ಅಷ್ಟೆ ಅಂದೆ. ಈಸ್ಟಿಂಗ್ ನೆಗೆದಿದ್ದು ಕಣ್ಣಿಗೆ ಕಾಣತ್ತೆ, ಗ್ರಿಡ್‌ನ ಉತ್ತರವೂ ಅದೇ ಜಾಗದಲ್ಲಿ ಪಟ್ ಅಂತ ತಿರುಗಿರತ್ತೆ ಅನ್ನೋದು ಕಾಣಲ್ಲ.

ಎಷ್ಟು ತಿರುಗತ್ತೆ ಅಂತ ಹೇಳೋದೇ ಕನ್ವರ್ಜೆನ್ಸ್. ಸೂತ್ರ ಸುಲಭ, ನಿಮ್ಮ ರೇಖಾಂಶದಿಂದ ಸೆಂಟ್ರಲ್ ಮೆರಿಡಿಯನ್ ಕಳೆದು ಅಕ್ಷಾಂಶದ ಸೈನ್‌ನಿಂದ ಗುಣಿಸೋದು:

```
γ = (λ − λ0) × sin φ
true = grid + γ
magnetic = true − D
```

γ ಪ್ಲಸ್ ಬಂದ್ರೆ ಗ್ರಿಡ್ ಉತ್ತರ ನಿಜವಾದ ಉತ್ತರಕ್ಕಿಂತ ಪೂರ್ವಕ್ಕೆ ವಾಲಿದೆ ಅಂತ. D ಅಂದ್ರೆ ಡಿಕ್ಲಿನೇಶನ್, ಕಾಂಪಾಸ್ ಉತ್ತರ ನಿಜವಾದ ಉತ್ತರದಿಂದ ಎಷ್ಟು ಸರಿದಿದೆ ಅನ್ನೋದು, ಪೂರ್ವಕ್ಕಿದ್ರೆ ಪ್ಲಸ್, ಪಶ್ಚಿಮಕ್ಕಿದ್ರೆ ಮೈನಸ್.

ಈಗ ನಾನು ಮಾಡಿದ ಒಂದು ಲೈನ್ ತಗೊಳ್ಳೋಣ. ಜಾಗ 13.10 ಉತ್ತರ, 77.95 ಪೂರ್ವ, ಅಂದ್ರೆ ಗಡಿಯ ಈ ಕಡೆಗೇ, ಝೋನ್ 43. ಲೈನ್‌ನ ಎರಡು ತುದಿಗಳ ಮಧ್ಯೆ ಈಸ್ಟಿಂಗ್ ವ್ಯತ್ಯಾಸ 790 ಮೀಟರ್, ನಾರ್ದಿಂಗ್ ವ್ಯತ್ಯಾಸ 613, ಉದ್ದ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಗ್ರಿಡ್ ಬೇರಿಂಗ್ ಎಕ್ಸೆಲ್‌ನಲ್ಲಿ ತೆಗೆಯೋರು ಇಲ್ಲಿ ಒಂದು ನೋಡ್ಕೊಳ್ಳಿ, ಎಕ್ಸೆಲ್‌ನ `ATAN2` ಮೊದಲು x ಕೇಳತ್ತೆ, ಬೇರಿಂಗ್ ಉತ್ತರದಿಂದ ಅಳೆಯೋದಾದ್ರಿಂದ x ಜಾಗದಲ್ಲಿ ನಾರ್ದಿಂಗ್ ಹಾಕ್ಬೇಕು, `=DEGREES(ATAN2(613,790))`. ಪೈಥಾನ್‌ನಲ್ಲಿ ಇದು ಉಲ್ಟಾ, `degrees(atan2(790, 613))`. ಉತ್ತರ 52°11′.

ಕನ್ವರ್ಜೆನ್ಸ್: 2.95 ಇಂಟು ಸೈನ್ 13.10, ಅಂದ್ರೆ 0.67 ಡಿಗ್ರಿ, 0°40′ ಅಂತ ಇಟ್ಕೊಳ್ಳಿ. ಟ್ರೂ ಬೇರಿಂಗ್ 52°51′ ಆಯ್ತು. ಡಿಕ್ಲಿನೇಶನ್‌ಗೆ ನಾನು NOAA ಕ್ಯಾಲ್ಕುಲೇಟರ್‌ಗೆ ಅಕ್ಷಾಂಶ, ರೇಖಾಂಶ, ಸರ್ವೆ ಮಾಡೋ ದಿನಾಂಕ ಕೊಟ್ಟು ತೆಗೀತೀನಿ, ಹಳೇ ಟೋಪೋಶೀಟ್ ಮೇಲೆ ಅಚ್ಚಾಗಿರೋದನ್ನ ನಂಬಲ್ಲ, ಅದು ವರ್ಷದಿಂದ ವರ್ಷಕ್ಕೆ ಜರುಗ್ತಾ ಇರತ್ತೆ. ಕೋಲಾರದ ಕಡೆ ಸುಮಾರು ಒಂದೂವರೆ ಡಿಗ್ರಿ ಪಶ್ಚಿಮ ಅಂತ ಲೆಕ್ಕಕ್ಕೆ ಹಿಡಿಯೋಣ, ನೀವು ನಿಮ್ಮ ದಿನಕ್ಕೆ ತಕ್ಕ ಹಾಗೆ ತೆಕ್ಕೊಳ್ಳಿ. ಪಶ್ಚಿಮ ಅಂದ್ರೆ D ಮೈನಸ್ 1°30′, ಮೈನಸ್‌ನ ಕಳೆದ್ರೆ ಕೂಡಿದ ಹಾಗೆ, ಕಾಂಪಾಸ್‌ನಲ್ಲಿ ಹಿಡಿಬೇಕಾದ್ದು 54°21′. ಅಂದ್ರೆ ಗ್ರಿಡ್‌ಗೂ ಕಾಂಪಾಸ್‌ಗೂ 2°10′ ವ್ಯತ್ಯಾಸ. ಒಂದು ಕಿಲೋಮೀಟರ್ ಲೈನ್‌ನ ತುದೀಲಿ ಇದು ಹತ್ತಿರತ್ತಿರ 38 ಮೀಟರ್ ಆಗತ್ತೆ, ಡೈಕ್ ಪಕ್ಕದ ಕಿರಿದಾದ ಬಿರುಕು ಹುಡುಕ್ತಾ ಇರೋನಿಗೆ 38 ಮೀಟರ್ ಅಂದ್ರೆ ಪಕ್ಕದೋರ ಹೊಲ.

ಅದೇ ಲೈನನ್ನ ಯಾರಾದ್ರೂ ಝೋನ್ 44ರಲ್ಲಿ ಡಿಜಿಟೈಸ್ ಮಾಡಿದ್ರೆ ಏನಾಗತ್ತೆ? 77.95ರಿಂದ 81 ಕಳೆದ್ರೆ ಮೈನಸ್ 3.05, ಕನ್ವರ್ಜೆನ್ಸ್ ಮೈನಸ್ 0°41′. ನೆಲದ ಮೇಲಿನ ದಿಕ್ಕು ಬದಲಾಗಲ್ಲ, ಟ್ರೂ 52°51′ ಅಲ್ಲೇ ಇದೆ, ಆದ್ರೆ ಗ್ರಿಡ್ ಬೇರಿಂಗ್ 53°32′ ಅಂತ ಬರತ್ತೆ. ಈಗ ಗ್ರಿಡ್‌ಗೂ ಕಾಂಪಾಸ್‌ಗೂ ಬರೀ 0°49′. ಇಲ್ಲೇ ಎಡವಟ್ಟಾಗೋದು, "ನಮ್ ಏರಿಯಾಗೆ ಎರಡು ಡಿಗ್ರಿ ಕೂಡ್ಸು" ಅಂತ ಬಾಯಿಪಾಠ ಮಾಡ್ಕೊಂಡಿರೋರು ಗಡಿ ದಾಟಿದ ಮೇಲೂ ಅದನ್ನೇ ಕೂಡಿಸ್ತಾರೆ. ಝೋನ್ 43ರಲ್ಲಿ ಗ್ರಿಡ್ ಉತ್ತರ ಪೂರ್ವಕ್ಕೆ, ಕಾಂಪಾಸ್ ಉತ್ತರ ಪಶ್ಚಿಮಕ್ಕೆ, ಎರಡೂ ದೂರ ಸರೀತಾವೆ. 44ರಲ್ಲಿ ಎರಡೂ ಪಶ್ಚಿಮಕ್ಕೇ ವಾಲಿರೋದ್ರಿಂದ ಹತ್ರ ಹತ್ರ ಇರ್ತಾವೆ. ನಾನಂತೂ ಪ್ರಾಜೆಕ್ಟ್ ಗಡಿ ದಾಟ್ತು ಅಂದ್ರೂ ಪೂರ್ತಿ 43ರಲ್ಲೇ ಇಡ್ತೀನಿ, ಕ್ಯೂಜಿಐಎಸ್ ಏನೂ ತಕರಾರು ಮಾಡಲ್ಲ, ಕೋಲಾರದ ಪೂರ್ವಕ್ಕೆ ಹೋದ್ರೂ ಕನ್ವರ್ಜೆನ್ಸ್ ಕೆಲವೇ ಮಿನಿಟ್ ಅಷ್ಟೇ ಜಾಸ್ತಿ ಆಗತ್ತೆ.

ಪ್ಲಸ್ಸೋ ಮೈನಸ್ಸೋ ಅಂತ ಅನುಮಾನ ಬಂದಾಗ ನಾನು ಪುಸ್ತಕ ನೋಡಲ್ಲ. ಒಂದೇ ರೇಖಾಂಶದಲ್ಲಿ ಎರಡು ಪಾಯಿಂಟ್ ತಗೊಳ್ತೀನಿ, 13.10 ಮತ್ತು 13.11, ಎರಡಕ್ಕೂ 77.95. ಇವೆರಡನ್ನ ಸೇರಿಸೋ ಲೈನ್ ಸೀದಾ ಉತ್ತರಕ್ಕೆ, ಟ್ರೂ ಬೇರಿಂಗ್ ಸೊನ್ನೆ. ಯುಟಿಎಂಗೆ ಬದಲಾಯಿಸಿದ್ರೆ ಉತ್ತರದ ಪಾಯಿಂಟ್‌ನ ಈಸ್ಟಿಂಗ್ ಸುಮಾರು 13 ಮೀಟರ್ ಕಮ್ಮಿ ಬರತ್ತೆ, ಗ್ರಿಡ್ ಬೇರಿಂಗ್ 359°20′. ಅದನ್ನ 360 ಮಾಡೋಕೆ 40 ಮಿನಿಟ್ ಕೂಡಿಸ್ಬೇಕು, ಅಲ್ಲಿಗೆ ಪ್ಲಸ್ ಅಂತ ಖಾತ್ರಿ ಆಯ್ತು.

ಇನ್ನೊಂದು, ಒಂದೇ ತಿದ್ದುಪಡಿ ಎರಡು ಸಲ ಬೀಳೋದು. ಕ್ಯೂಜಿಐಎಸ್‌ನ `azimuth()` ಗ್ರಿಡ್ ಬೇರಿಂಗ್ ಕೊಡತ್ತೆ (ರೇಡಿಯನ್‌ನಲ್ಲಿ), ಆದ್ರೆ ಅದರ ಬೇರಿಂಗ್ ಅಳೆಯೋ ಟೂಲ್ ಪ್ರಾಜೆಕ್ಟ್‌ಗೆ ಎಲಿಪ್ಸಾಯ್ಡ್ ಸೆಟ್ ಆಗಿದ್ರೆ ಟ್ರೂ ಬೇರಿಂಗೇ ಕೊಡತ್ತೆ, ಅದಕ್ಕೆ ಮತ್ತೆ ಕನ್ವರ್ಜೆನ್ಸ್ ಕೂಡಿಸಬಾರದು. ಬ್ರಂಟನ್‌ದೂ ಇದೇ ಕಥೆ, ಪಕ್ಕದ ಸ್ಕ್ರೂ ತಿರುಗಿಸಿ ಯಾರೋ ಮೊದಲೇ ಡಿಕ್ಲಿನೇಶನ್ ಸೆಟ್ ಮಾಡಿಟ್ಟಿರ್ತಾರೆ. ಡಬ್ಬಿಯಿಂದ ತೆಗೆದ ತಕ್ಷಣ ಡಯಲ್‌ನ ಸೊನ್ನೆ ಗುರುತಿಗೆ ಕೂತಿದೆಯಾ ನೋಡಿ.

ಇಷ್ಟೆಲ್ಲ ಲೆಕ್ಕ ಸರಿ ಇದ್ರೂ ಹೊಲದಲ್ಲಿ ಕಾಂಪಾಸ್ ಕೈ ಕೊಡಬಹುದು. ಕೋಲಾರದ ಕಡೆ ಡೊಲರೈಟ್ ಡೈಕ್‌ಗಳು ಬೇಕಾದಷ್ಟಿವೆ, ಅದರಲ್ಲಿರೋ ಮ್ಯಾಗ್ನೆಟೈಟ್ ಮುಳ್ಳನ್ನ ಎಳೆಯತ್ತೆ, NOAA ಕ್ಯಾಲ್ಕುಲೇಟರ್‌ಗೆ ಅದು ಗೊತ್ತಾಗಲ್ಲ. ಅದಕ್ಕೆ ಲೈನ್ ಶುರು ಮಾಡೋ ಮುಂಚೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಎರಡೂ ಕಡೆ ಬೇರಿಂಗ್ ಓದ್ತೀನಿ. 180 ವ್ಯತ್ಯಾಸ ಬರ್ಬೇಕು, ಅರ್ಧ ಡಿಗ್ರಿ ಆಚೀಚೆ ಆದ್ರೆ ಓದೋದ್ರಲ್ಲಿನ ಹೆಚ್ಚುಕಮ್ಮಿ ಅಂತ ಬಿಡ್ತೀನಿ, ಎರಡು ಮೂರು ಡಿಗ್ರಿ ಬಂತು ಅಂದ್ರೆ ಒಂದು ತುದೀಲಿ ಏನೋ ಎಳೀತಿದೆ: ಡೈಕ್, ತಂತಿ ಬೇಲಿ, ಬೋರ್‌ವೆಲ್ ಕೇಸಿಂಗ್ ಅಥವಾ ನಮ್ದೇ ಜೀಪು. ಬೇಲಿ, ಜೀಪು ಆದ್ರೆ ದೂರ ಹೋಗಿ ಇನ್ನೊಂದ್ಸಲ ಓದಬಹುದು. ಡೈಕ್ ಆದ್ರೆ ಕಾಂಪಾಸ್ ಡಬ್ಬಿಗೆ ಹಾಕಿ ಜಿಪಿಎಸ್‌ನಲ್ಲಿ ಎರಡು ತುದಿಗೂ ಗೂಟ ಹೊಡೆದು ಹಗ್ಗ ಎಳೀತೀವಿ. ಹ್ಯಾಂಡ್‌ಹೆಲ್ಡ್‌ನ ನಾಲ್ಕೈದು ಮೀಟರ್ ತಪ್ಪು ಕಿಲೋಮೀಟರ್ ಉದ್ದದ ಮೇಲೆ ಕಾಲು ಡಿಗ್ರಿ ಚಿಲ್ಲರೆ, ನೂರು ಮೀಟರ್ ಲೈನ್ ಮೇಲೆ ಅದೇ ಎರಡೂವರೆ ಡಿಗ್ರಿ, ಹಾಗಾಗಿ ಗೂಟಗಳು ಆದಷ್ಟು ದೂರ ದೂರ ಇರ್ಲಿ.