ದ್ರಾಕ್ಷಿ ಶೆಡ್ ಕಂಡವರಿಗೆ ಕಾಫಿ ಹಣ್ಣಿನ ಪಾಠ

ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ಶೆಡ್ಡುಗಳು ಕಾಣುತ್ತವೆ. ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರಡಿ, ನೆರಳಲ್ಲಿ ಗಾಳಿಗೆ ಒಣಗಿಸಿ ಮಣೂಕ ಮಾಡುತ್ತಾರೆ. ಅದನ್ನು ನೋಡುತ್ತಲೇ ಬೆಳೆದ ನನಗೆ ಕಾಫಿ ಹಣ್ಣು ಒಣಗಿಸುವುದೇನು ಮಹಾ ಅನ್ನಿಸಿತ್ತು. ಡಿಸೆಂಬರ್‌ನಲ್ಲಿ ಮೂಡಿಗೆರೆ ಹತ್ತಿರದ ಅಕ್ಕನ ಮನೆಗೆ ಹೋದಾಗ ಭಾವ 18 ಕಿಲೋ ಅರೇಬಿಕಾ ಹಣ್ಣು ಕೊಟ್ಟರು. ಒಂದೇ ದಿನ, ಒಂದೇ ಸಾಲಿನ ಗಿಡಗಳಿಂದ ಕಿತ್ತದ್ದು. ಮೂರು ವಿಧಾನದಲ್ಲಿ ಒಣಗಿಸಿ ರುಚಿ ಹೋಲಿಸೋಣ ಎಂದು ಆರಾರು ಕಿಲೋದ ಮೂರು ಪಾಲು ಮಾಡಿದೆವು. ಆರು ಕಿಲೋ ಹಣ್ಣಿಗೆ ಕೊನೆಗೆ ಸಿಗುವುದು ಸುಮಾರು ಒಂದು ಕಿಲೋ ಬೀಜ.

ಮೊದಲ ಕೆಲಸ ಮೂರಕ್ಕೂ ಒಂದೇ. ಹಣ್ಣನ್ನು ಬಕೆಟ್ ನೀರಿಗೆ ಸುರಿಯಬೇಕು. ತೇಲಿದವು ಜೊಳ್ಳು, ತೆಗೆದುಬಿಡಿ. ಹಸಿರು ಕಾಯಿಗಳನ್ನೂ ಕೈಯಲ್ಲಿ ಆರಿಸಿ. ಅದೇ ದಿನ ಮುಂದಿನ ಹೆಜ್ಜೆ ಆಗಲೇಬೇಕು, ರಾಶಿಯಲ್ಲಿ ಬಿಟ್ಟರೆ ಒಳಗೊಳಗೇ ಬಿಸಿಯಾಗಿ ಹುಳಿಯುತ್ತದೆ.

ತೊಳೆದ ಕಾಫಿ, ಅಂದರೆ ತೋಟದವರು ಪಾರ್ಚ್‌ಮೆಂಟ್ ಅನ್ನುವುದು. ಹಣ್ಣನ್ನು ಪಲ್ಪರ್‌ಗೆ ಹಾಕಿದರೆ ಸಿಪ್ಪೆ ಬೇರೆಯಾಗಿ, ಲೋಳೆ ಅಂಟಿದ ಬೀಜ ಹೊರಬರುತ್ತದೆ. ಆ ಲೋಳೆ ಸುಮ್ನೆ ನೀರು ಹೊಯ್ದರೆ ಹೋಗುವುದಿಲ್ಲ. ತೊಟ್ಟಿಯಲ್ಲಿ ಒಂದು ರಾತ್ರಿಯಿಂದ ಒಂದೂವರೆ ದಿನದವರೆಗೆ ಹುಳಿಯಲು ಬಿಡಬೇಕು. ಚಳಿ ಜಾಸ್ತಿ ಇದ್ದರೆ ಸಮಯವೂ ಜಾಸ್ತಿ. ಹಾಗಾಗಿ ಗಡಿಯಾರಕ್ಕಿಂತ ಕೈಯನ್ನು ನಂಬಬೇಕು. ಹಿಡಿ ಬೀಜವನ್ನು ತೊಳೆದು ಉಜ್ಜಿ: ಜಾರಿದರೆ ಇನ್ನೂ ಆಗಿಲ್ಲ, ಮರಳಿನಂತೆ ಗರಗರ ಅಂದರೆ ಆಯಿತು. ಆಮೇಲೆ ತಡ ಮಾಡಬೇಡಿ. ಹೆಚ್ಚು ಹುಳಿತ ಬೀಜ ಕಪ್ಪಿನಲ್ಲಿ ಕೊಳೆತ ಈರುಳ್ಳಿಯಂತೆ ನಾರುತ್ತದೆ. ನಮ್ಮದಕ್ಕೆ 26 ಗಂಟೆ ಹಿಡಿಯಿತು. ತೊಳೆದು ತೆಳ್ಳಗೆ ಹರಡಿದರೆ ಎಂಟು ಹತ್ತು ದಿನದಲ್ಲಿ ಒಣಗುತ್ತದೆ. ನಡು ಮಧ್ಯಾಹ್ನ ಮುಚ್ಚಿಡಿ, ಸುಡು ಬಿಸಿಲಿಗೆ ಹೊರಗಿನ ಹೊಟ್ಟು ಬಿರಿಯುತ್ತದೆ.

ಎರಡನೆಯದು ಹನಿ, ಇಂಗ್ಲಿಷಿನಲ್ಲಿ ಜೇನು ಅಂತ. ಆದರೆ ಈ ವಿಧಾನದಲ್ಲಿ ಜೇನು ಒಂದು ತೊಟ್ಟೂ ಇಲ್ಲ! ಸಿಪ್ಪೆ ತೆಗೆದು, ಲೋಳೆ ಉಳಿಸಿಕೊಂಡೇ ಒಣಗಿಸುವುದು. ಕಷ್ಟ ಇರುವುದು ಮೊದಲ ಮೂರು ದಿನ. ಬೀಜಗಳು ಚಿಕ್ಕಿಯಂತೆ ಒಂದಕ್ಕೊಂದು ಅಂಟುತ್ತವೆ. ಬಲೆಯ ಮೇಲೆ ಒಂದೇ ಪದರ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ ಗಂಟು ಬಿಡಿಸಬೇಕು. ಅಕ್ಕ ಬಯ್ಯುತ್ತಲೇ ಈ ಕೆಲಸ ಮಾಡಿದಳು.

ಮೂರನೆಯದು ನ್ಯಾಚುರಲ್. ಸಿಪ್ಪೆಯನ್ನೂ ತೆಗೆಯದೆ ಇಡೀ ಹಣ್ಣನ್ನೇ ಒಣಗಿಸುವುದು. ನಾನು ಮುಗ್ಗರಿಸಿದ್ದು ಇಲ್ಲೇ. ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿಯನ್ನು ಮೊದಲು ದ್ರಾವಣದಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಸಡಿಲವಾಗಿ ನೀರು ಬೇಗ ಹೊರಡುತ್ತದೆ. ಕಾಫಿ ಹಣ್ಣನ್ನು ಹಾಗೆ ಅದ್ದುವುದಿಲ್ಲ, ನೀರು ನಿಧಾನಕ್ಕೇ ಹೋಗಬೇಕು. ನಾನು ಸಂಜೆ ಎಲ್ಲವನ್ನೂ ಒತ್ತಟ್ಟಿಗೆ ಎಳೆದು ತಾಡಪಾಲು ಮುಚ್ಚಿ ಮಲಗಿದೆ. ಎರಡು ರಾತ್ರಿ ಹೀಗೇ ಮಾಡಿದ್ದಕ್ಕೆ ಮೂರನೆಯ ಬೆಳಿಗ್ಗೆ ತಳದ ಹಣ್ಣುಗಳ ತೊಟ್ಟಿನಲ್ಲಿ ಬಿಳಿ ಬೂಸ್ಟು, ಹೆಂಡದ ವಾಸನೆ. "ಇದು ದ್ರಾಕ್ಷಿ ಅಲ್ಲ ಮಾರಾಯ, ನಮಗೆ ಬೇಕಾಗಿರೋದು ಒಳಗಿನ ಬೀಜ" ಅಂದರು ಭಾವ. ಸುಮಾರು ಒಂದೂವರೆ ಕಿಲೋ ಎಸೆಯಬೇಕಾಯಿತು. ಮೊದಲ ವಾರ ತೆಳ್ಳಗೇ ಇರಲಿ, ದಿನಕ್ಕೆ ನಾಲ್ಕೈದು ಸಲ ತಿರುವಿ, ರಾತ್ರಿ ಇಬ್ಬನಿಗೆ ಮಾತ್ರ ಮುಚ್ಚಿ, ಒಳಗೆ ಗಾಳಿಯಾಡಲಿ. ಎರಡು ಮೂರು ವಾರ ಬೇಕು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಸದ್ದು ಬರಬೇಕು. ಆಮೇಲೆ ಬೇಕಾದರೆ ಮಾಪಕದಲ್ಲಿ ತೇವ ನೋಡಿ, 10ರಿಂದ 12 ಶೇಕಡಾ ಸರಿ.

ರುಚಿ ನೋಡುವಾಗ ಚಿಕೋರಿ ಬೇಡ, ಹಾಲೂ ಬೇಡ. ಒಣಗಿದ ಸಿಪ್ಪೆ, ಹೊಟ್ಟು ತೆಗೆದು, ಮೂರನ್ನೂ ಒಂದೇ ಹದಕ್ಕೆ, ನಡುಗಂದು ಬಣ್ಣ ಬರುವಷ್ಟು ಹುರಿಯಿರಿ. ಕಪ್ಪಗೆ ಹುರಿದರೆ ಮೂರೂ ಒಂದೇ ಥರ ಆಗಿಬಿಡುತ್ತವೆ. ಒಂದೊಂದು ಲೋಟಕ್ಕೆ 12 ಗ್ರಾಂ ತರಿ ಪುಡಿ ಹಾಕಿ, 200 ಮಿಲಿ ನೀರು ಹೊಯ್ಯಿರಿ. ಕುದಿ ಇಳಿದ ಮೇಲಿನ ನೀರಿರಲಿ. ನಾಲ್ಕು ನಿಮಿಷಕ್ಕೆ ಮೇಲಿನ ಕೆನೆ ಒಡೆದು, ಚಮಚದಲ್ಲಿ ಸುರ್ ಎಂದು ಹೀರಿ. ಸ್ವಲ್ಪ ಆರಿದಾಗ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ವಿಜಯಪುರದ ಮನೆಯಲ್ಲಿ ಚಹಾ ಬಿಟ್ಟು ಬೇರೇನೂ ಕುಡಿಯದ ಅವ್ವನಿಗೆ ಮೂರೂ ಕೊಟ್ಟೆ. ತೊಳೆದದ್ದಕ್ಕೆ, "ಇದ್ರಾಗ ಹುಳಿ ಯಾಕ ಐತಿ?" ಅಂದಳು. ಸರಿಯೇ. ಲೋಳೆ ಬೇಗ ಕಳಚಿದ್ದರಿಂದ ಬೀಜದ ಸ್ವಂತ ಹುಳಿಗೆ ಅಡ್ಡಿಯಿಲ್ಲ, ನಿಂಬೆಯಂತೆ ಚುರುಕು, ನಾಲಿಗೆ ಮೇಲೆ ಹಗುರ. ನ್ಯಾಚುರಲ್ ಮೂಸಿ, "ಮಣೂಕ ನೆನೆಸಿದ ನೀರಿನ ವಾಸನಿ" ಅಂದಳು. ಹಣ್ಣಿನ ಸಕ್ಕರೆಯೇ ಬೀಜಕ್ಕೆ ಇಳಿದು ಹೀಗಾಗುತ್ತದೆ ಎನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪುವ ಮಾತಲ್ಲ. ವಾರಗಟ್ಟಲೆ ಆ ತಿರುಳಿನಲ್ಲಿ ಯೀಸ್ಟ್ ಕೆಲಸ ಮಾಡುತ್ತದಲ್ವಾ, ಹಣ್ಣಿನ ಘಮದಲ್ಲಿ ದೊಡ್ಡ ಪಾಲು ಅದರದ್ದು. ಹನಿ ನಡುವಿನದ್ದು: ಹುಳಿ ಮೆತ್ತಗೆ, ಬೆಲ್ಲದ ಪಾಕದಂಥ ಸಿಹಿ.

ಅವ್ವ ಹನಿಯ ಲೋಟ ಖಾಲಿ ಮಾಡಿ, ಉಳಿದ ಎರಡಕ್ಕೂ ಹಾಲು ಸುರಿದಳು. ತೊಳೆದದ್ದರ ಚುರುಕು ಅಲ್ಲೇ ಅಡಗಿತು. ನ್ಯಾಚುರಲ್‌ನ ಮಣೂಕದ ಘಮ ಮಾತ್ರ ಹಾಲಿನೊಳಗಿಂದಲೂ ಬರುತ್ತಲೇ ಇತ್ತು.