9.5 ಲಕ್ಷ ಬೇಕು ಅಂತ ಬಾಯಿಬಿಟ್ಟು ಹೇಳಿದ ವಿಡಿಯೊ

ಹುಬ್ಬಳ್ಳಿಯಲ್ಲಿ ನಮ್ಮದು ಗಿರ್ಮಿಟ್, ಮಿರ್ಚಿ ಅಂಗಡಿ. ಸ್ವಂತದ್ದು ಮೂರು, ಫ್ರಾಂಚೈಸಿ ನಾಲ್ಕು. ಆ ನಾಲ್ಕರಲ್ಲಿ ಮೂರು, ಫ್ರಾಂಚೈಸಿ ಹುಡುಕುವವರಿಗೆ ಅಂತ ಮಾಡಿದ ಎರಡನೇ ವಿಡಿಯೊ ಒಂದರಿಂದಲೇ ಬಂದವು. ಅದನ್ನು ಹಾಕುವ ಮುಂಚೆ ನಮ್ಮ ಭಾವ ನೋಡಿ, "ಇದನ್ನ ನೋಡಿ ಯಾವ ಹುಚ್ಚ ಬರ್ತಾನೋ?" ಅಂದಿದ್ದರು. ಅದಕ್ಕೇ ಈಗ ಬರೀತಿದ್ದೇನೆ.

ಮೊದಲನೇ ವಿಡಿಯೊಗೆ 48 ಸಾವಿರ ಸುರಿದಿದ್ದೆ. ಡ್ರೋನ್, ಮ್ಯೂಸಿಕ್, ಎಣ್ಣೆಯಲ್ಲಿ ನಿಧಾನವಾಗಿ ಉಬ್ಬುವ ಮಿರ್ಚಿ, ಎಲ್ಲಾ ಇತ್ತು. ಕೆಳಗೆ "4.5 ಲಕ್ಷದಿಂದ ಶುರು, ತಿಂಗಳಿಗೆ 1 ಲಕ್ಷ ಲಾಭ" ಅಂತ ದೊಡ್ಡ ಅಕ್ಷರ. ಎರಡು ತಿಂಗಳಲ್ಲಿ 300ರ ಆಸುಪಾಸು ಫೋನ್ ಬಂದವು. ಅರ್ಧ ಜನ ಕಾಲೇಜು ಹುಡುಗರು. ಉಳಿದವರು ದುಡ್ಡು ಹಾಕಿ ಮನೆಯಲ್ಲಿ ಕೂರುವವರು. ಅಂತೂ ಎರಡು ಅಂಗಡಿ ತೆರೆದವು. ಅದರಲ್ಲಿ ಒಂದು ಎಂಟು ತಿಂಗಳಿಗೆ ಮುಚ್ಚಿತು.

ಮುಚ್ಚಿದವರು ಜಗಳಕ್ಕೆ ಬರಲಿಲ್ಲ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದ ತುಂಬ ರಸೀದಿ ಹಿಡಿದುಕೊಂಡು ಬಂದರು. "ನೀವು ನಾಲ್ಕೂವರೆ ಅಂದ್ರಿ ಸರ. ನನ್ನ ಕೈಯಿಂದ ಒಂಬತ್ತರ ಮ್ಯಾಲೆ ಹೋಗೇತಿ" ಅಂದರು. ಅವತ್ತು ಮಧ್ಯಾಹ್ನ ಇಬ್ಬರೂ ಕೂತು ರಸೀದಿಗಳನ್ನು ಕೌಂಟರ್ ಮೇಲೆ ಹರಡಿ ಕೂಡಿಸಿದೆವು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಸುಳ್ಳು ಹೇಳಿರಲಿಲ್ಲ, ಆದರೆ ನನ್ನ ಕೈಗೆ ಬರುವ ದುಡ್ಡನ್ನಷ್ಟೇ ಲೆಕ್ಕ ಹಾಕಿದ್ದೆ. ಕಟ್ಟಡದ ಮಾಲೀಕನಿಗೆ, ಕರೆಂಟ್ ಕೆಲಸದವನಿಗೆ, ಮೊದಲ ತಿಂಗಳುಗಳ ನಷ್ಟಕ್ಕೆ ಹೋಗುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆ ರಸೀದಿಗಳೇ ಎರಡನೇ ವಿಡಿಯೊದ ಮೊದಲ ಶಾಟ್. ನನ್ನ ಮುಖ ಬರುವುದು ಆಮೇಲೆ. ಒಂದೊಂದೇ ಕಾಗದ ಇಡುತ್ತಾ ಹೋಗುತ್ತೇನೆ. ಫ್ರಾಂಚೈಸಿ ಫೀ 2 ಲಕ್ಷ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 36 ಸಾವಿರ. ಭಟ್ಟಿ, ಕಡಾಯಿ, ಸ್ಟೀಲ್ ಕೌಂಟರ್, ಎಕ್ಸಾಸ್ಟ್, ಫ್ರಿಜ್ ಸೇರಿ 2.6 ಲಕ್ಷ. ಬೋರ್ಡು, ಒಳಗಿನ ಕೆಲಸ 1.4 ಲಕ್ಷ. ಮೊದಲ ಮಾಲು 40 ಸಾವಿರ. ಇಲ್ಲಿಗೇ ಆರೂಮುಕ್ಕಾಲು ಲಕ್ಷ ಆಯಿತು. ಅಂಗಡಿ ಅಡ್ವಾನ್ಸ್ ಒಂದೂವರೆ, ಮೊದಲ ನಾಲ್ಕು ತಿಂಗಳು ಕೈಯಿಂದ ಹಾಕುವುದಕ್ಕೆ 1.2. ಒಟ್ಟು ಹತ್ತಿರ ಹತ್ತಿರ 9.5 ಲಕ್ಷ. "ಇಷ್ಟು ಇಲ್ಲದಿದ್ದರೆ ಸಾಲ ಮಾಡಿ ಬರಬೇಡಿ" ಅಂತ ಅಲ್ಲೇ ಹೇಳಿಬಿಟ್ಟೆ. ಭಾವ ತಲೆ ಚಚ್ಚಿಕೊಂಡಿದ್ದು ಈ ಸಾಲಿಗೆ.

ಲಾಭದ ಭಾಗದಲ್ಲಿ ನಾನೇ ಎಡವಿದೆ. ದಿನಕ್ಕೆ 6,500 ವ್ಯಾಪಾರ ಅಂತ ಹಿಡಿದೆ, ತಿಂಗಳಿಗೆ 1.95 ಲಕ್ಷ. ಮಾಲಿಗೆ 82 ಸಾವಿರ, ಮಾಸ್ಟರ್ ಮತ್ತು ಹುಡುಗನ ಪಗಾರ 34, ಬಾಡಿಗೆ 18, ಗ್ಯಾಸು ಕರೆಂಟು 13, ನಮ್ಮ ರಾಯಲ್ಟಿ 10, ಹಾಳಾಗುವುದು 3. ಉಳಿಯುವುದು 35 ಸಾವಿರ ಅಂತ ಹೆಮ್ಮೆಯಿಂದ ಹಾಕಿದೆ. ಮರುದಿನವೇ ಧಾರವಾಡದ ಒಬ್ಬ ಅಕೌಂಟೆಂಟ್ ಫೋನ್ ಮಾಡಿ, "ವರ್ಷಕ್ಕೆ 23 ಲಕ್ಷ ವ್ಯಾಪಾರ ಅಂತೀರಿ, ಗಿರಾಕಿ ಕೊಡೋ ರೇಟಿನೊಳಗಿನ 5 ಪರ್ಸೆಂಟ್ ಜಿಎಸ್‌ಟಿ ಎಲ್ಲಿ?" ಅಂದರು. ಪ್ರಾಮಾಣಿಕ ವಿಡಿಯೊ ಅಂತ ಬೀಗಿದ್ದೆ, ಮರ್ಯಾದೆ ಹೋಯಿತು. ತೆಗೆದು ಮತ್ತೆ ಶೂಟ್ ಮಾಡಿದೆ. ಈಗ 25-26 ಸಾವಿರ ಅಂತ ಇದೆ. ಅದೂ ಮಾಲೀಕ ಗಲ್ಲೆಯಲ್ಲಿ ಕೂತರೆ ಮಾತ್ರ. ಮ್ಯಾನೇಜರ್ ಇಟ್ಟರೆ ಅವನ ಪಗಾರಕ್ಕೇ ಹೆಚ್ಚುಕಮ್ಮಿ ಅಷ್ಟೂ ಸರಿ ಹೋಗುತ್ತೆ. ಹಾಕಿದ ದುಡ್ಡು ವಾಪಸ್ ಬರಲು ಮೂರು ವರ್ಷದ ಮೇಲೇ ಬೇಕು. ಈ ಒಂದು ಮಾತು ಕೇಳಿಯೇ ಮನೆಯಲ್ಲಿ ಕೂರುವ ಹೂಡಿಕೆದಾರರ ಫೋನ್ ನಿಂತಿತು.

ಜಾಗದ ವಿಷಯಕ್ಕೆ ಮಾತು ಬಿಟ್ಟು ಟೇಪ್ ಹಿಡಿದೆ. "120 ಸ್ಕ್ವೇರ್ ಫೀಟ್" ಅಂದರೆ ಯಾರಿಗೂ ತಲೆಗೆ ಹೋಗಲ್ಲ. ಮುಚ್ಚಿದ ಅಂಗಡಿಯನ್ನು ಮಾಲೀಕ 150 ಅಂತ ಕೊಟ್ಟಿದ್ದ. ಒಳಗೆ ಅಳೆದರೆ 112, ಉಳಿದಿದ್ದು ಗೋಡೆ ಮತ್ತು ಮೆಟ್ಟಿಲು. ಹಾಗಾಗಿ ನಮ್ಮ ಅಂಗಡಿಯ ಒಳಗೋಡೆಯಿಂದ ಒಳಗೋಡೆಗೆ ಟೇಪ್ ಎಳೆದು, ಹತ್ತು ಅಡಿ, ಹನ್ನೆರಡು ಅಡಿ ಅಂತ ಓದಿದೆ. ಮುಂಭಾಗ ಎಂಟು ಅಡಿಯಾದರೂ ಬೇಕು, ಇಲ್ಲದಿದ್ದರೆ ಕಡಾಯಿ ಒಳಗೆ ಸೇರಿಕೊಳ್ಳುತ್ತೆ, ದಾರಿಯಲ್ಲಿ ಹೋಗುವವನಿಗೆ ಮಿರ್ಚಿ ಕಾಣಲ್ಲ. ಅದಕ್ಕಿಂತ ಮುಖ್ಯ ಹೊಗೆ ಪೈಪು. ಮೇಲೆ ಮನೆ ಇದ್ದರೆ ಮೆಣಸಿನಕಾಯಿ ಘಾಟಿಗೆ ಮೂರನೇ ದಿನ ಜಗಳ ಗ್ಯಾರಂಟಿ. ಪೈಪು ಮಾಳಿಗೆ ದಾಟಿಸಲು ಒಪ್ಪಿಗೆ ಇಲ್ಲದ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ ಅಂತ ಪೈಪನ್ನೇ ತೋರಿಸಿ ಹೇಳಿದ್ದೇನೆ.

ಸಪೋರ್ಟ್ ಅನ್ನೋ ಪದವನ್ನು ಎಲ್ಲರೂ ಸುಮ್ನೆ ಬಳಸ್ತಾರೆ. ನಾನು ಏನು ಕೊಡಲ್ಲ ಅನ್ನೋದನ್ನೇ ಮೊದಲು ಹೇಳಿದೆ. ಗಿರ್ಮಿಟ್‌ಗೆ ಹಾಕುವ ಚುರಮುರಿ, ಅಂದರೆ ಮಂಡಕ್ಕಿ, ನಾವು ಕಳಿಸಲ್ಲ. ಅದು ಹಗುರ, ಗಾಡಿ ತುಂಬ ಜಾಗ ತಿನ್ನುತ್ತೆ, ಬಾಡಿಗೆಯೇ ಮಾಲಿಗಿಂತ ಜಾಸ್ತಿ. ನಿಮ್ಮೂರಲ್ಲೇ ಕೊಳ್ಳಿ. ಗೊಜ್ಜು, ಮಸಾಲೆ, ಮಿರ್ಚಿ ಹಿಟ್ಟು ವಾರಕ್ಕೆ ಎರಡು ಸಲ ನಮ್ಮಿಂದ. ಮೊದಲ 21 ದಿನ ನಮ್ಮ ಮಾಸ್ಟರ್ ಅಲ್ಲೇ ಇರ್ತಾನೆ. ನಿಮ್ಮ ಮಾಸ್ಟರ್ ಓಡಿಹೋದರೆ ಹತ್ತು ದಿನಕ್ಕೆ ಒಬ್ಬನನ್ನು ಕೊಡ್ತೇವೆ, ವರ್ಷಕ್ಕೆ ಎರಡೇ ಸಲ. ಮಾಸ್ಟರ್ ಹುಡುಕುವುದು ನಿಮ್ಮ ತಲೆನೋವು. ಊರಿನ ಜಾಹೀರಾತಿಗೆ ನಮ್ಮಿಂದ ಒಂದು ರೂಪಾಯಿಯೂ ಇಲ್ಲ.

ಮುಚ್ಚಿದ ಅಂಗಡಿಯವರನ್ನೂ ಇಪ್ಪತ್ತು ಸೆಕೆಂಡ್ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಕಾಲೇಜು ಗೇಟ್ ಎದುರು ಹಾಕಿದ್ದೆ, ರಜೆಯ ಎರಡು ತಿಂಗಳು ಬಾಡಿಗೆ ಹುಟ್ಟಲಿಲ್ಲ ಅಂತ ಅವರೇ ಹೇಳಿದರು. ನಾನು ಫೀಯಲ್ಲಿ ಅರ್ಧ ವಾಪಸ್ ಕೊಟ್ಟಿದ್ದೆ, ಅದನ್ನೂ ಹೇಳಿದರು. ನಾನು ಕೇಳಿಕೊಂಡಿರಲಿಲ್ಲ.

ಇನ್ನು ಫೋನ್ ನಂಬರ್. ಮೊದಲ ವಿಡಿಯೊದಲ್ಲಿ ಅದು ಶುರುವಿನಿಂದ ಕೊನೆವರೆಗೆ ಕೆಳಗೆ ಓಡುತ್ತಿತ್ತು. ಈ ಸಲ ಮೂರು ನಿಮಿಷ ಹತ್ತು ಸೆಕೆಂಡ್ ಆದ ಮೇಲೆ, ಎಲ್ಲಾ ಖರ್ಚು ಹೇಳಿದ ನಂತರ ಒಂದೇ ಸಲ ಬರುತ್ತೆ. ಫೋನ್ ಮಾಡುವವನು ಲೆಕ್ಕ ಕೇಳಿಸಿಕೊಂಡೇ ಮಾಡ್ತಾನೆ. ಆಮೇಲೆ ವಾಟ್ಸಾಪ್‌ನಲ್ಲಿ ಮೂರು ಪ್ರಶ್ನೆ ಕಳಿಸ್ತೇನೆ. ಎರಡು ಎಲ್ಲರಿಗೂ ಗೊತ್ತಿರುವಂಥವು: ದುಡ್ಡು ಯಾರದು, ಅಂಗಡಿಯಲ್ಲಿ ಯಾರು ಕೂರ್ತಾರೆ. ಮೂರನೆಯದು ನನ್ನ ಹತ್ತಿರವೇ ಇರಲಿ. ಅದಕ್ಕೆ ಬರುವ ಉತ್ತರದಿಂದಲೇ ಯಾರಿಗೆ ವಾಪಸ್ ಫೋನ್ ಮಾಡಬೇಕು ಅಂತ ತೀರ್ಮಾನಿಸ್ತೇನೆ.

ಮಧ್ಯೆ ಒಂದೆರಡು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. 6 ಸಾವಿರ ಕೊಟ್ಟು ಮರಾಠಿಯಲ್ಲಿ ಡಬ್ ಮಾಡಿಸಿದೆ. ಸಾಂಗ್ಲಿ, ಕೊಲ್ಲಾಪುರದಿಂದ ಫೋನ್ ಬಂದವು, ಆದರೆ ಎಲ್ಲರೂ ಕೇಳಿದ್ದು ಫ್ರಾಂಚೈಸಿ ಅಲ್ಲ, ಆ ಕಡೆಯ ಖಾರದ ಚುರಮುರಿ: "ಭಡಂಗ್ ಕಳಿಸ್ತೀರಾ?" ಅಂತ. ಮಂಗಳೂರಿನವರೊಬ್ಬರು ಬಹಳ ಹಠ ಹಿಡಿದರು ಅಂತ ಜುಲೈನಲ್ಲಿ ಅಲ್ಲಿಗೆ ಹೋಗಿ ಚುರಮುರಿ ಇಟ್ಟು ನೋಡಿದೆ. ಡಬ್ಬಿ ತೆಗೆದು ಅರ್ಧ ಗಂಟೆಗೆ ಮೆತ್ತಗಾಯಿತು. ಕಡಾಯಿಯಲ್ಲಿ ಬೆಚ್ಚಗೆ ಮಾಡಿದರೆ ಗರಿಗರಿ ಬರುತ್ತೆ, ಆದರೆ ಸಂಜೆ ರಶ್‌ನಲ್ಲಿ ಒಂದು ಒಲೆ ಅದಕ್ಕೇ ಹೋಗುತ್ತೆ. "ಕರಾವಳಿಯವರಿಗೆ ಸದ್ಯಕ್ಕೆ ಇಲ್ಲ" ಅನ್ನುವ ಸಾಲು ವಿಡಿಯೊಗೆ ಸೇರಿದ್ದು ಹಾಗೆ.

ಎರಡನೇ ವಿಡಿಯೊಗೆ ಖರ್ಚಾಗಿದ್ದು ಮೈಕ್ ಸೇರಿ ಮೂರು ಸಾವಿರದೊಳಗೆ. ಫೋನ್‌ನಲ್ಲೇ ಶೂಟ್, ಮಗಳದೇ ಎಡಿಟಿಂಗ್. ಐದು ತಿಂಗಳಲ್ಲಿ 40-45 ಕರೆ. ಹನ್ನೊಂದು ಜನ ಅಂಗಡಿಗೆ ಬಂದು ಒಂದು ದಿನ ಪೂರ್ತಿ ಗಲ್ಲೆ ಪಕ್ಕ ನಿಂತರು. ಮೂವರು ಸಹಿ ಹಾಕಿದರು: ಹಾವೇರಿ, ಗದಗ, ರಾಣೆಬೆನ್ನೂರು. ಹಾವೇರಿಯವರು ಬರುವಾಗ ಟೇಪ್ ತಂದಿದ್ದರು. ನಾನು ಹೇಳಿದ ಹನ್ನೆರಡು ಅಡಿಯನ್ನು ನನ್ನೆದುರೇ ಇನ್ನೊಮ್ಮೆ ಅಳೆದರು. ಎರಡು ಇಂಚು ಕಮ್ಮಿ ಬಂತು.

ಮೊನ್ನೆ ಸಿಲಿಂಡರ್ ರೇಟ್ ಬದಲಾಯಿತು. ಗ್ಯಾಸಿನ ಆ ಎಂಟು ಸೆಕೆಂಡ್ ಮತ್ತೆ ಶೂಟ್ ಮಾಡಬೇಕು. ಭಾವನಿಗೆ ಹೇಳಿದ್ದಕ್ಕೆ, "ನಾನಽ ನಿಲ್ತೀನಿ ಬಿಡು, ನಿನ್ನ ಧ್ವನಿ ಸರಿ ಕೇಳಂಗಿಲ್ಲ" ಅಂದರು.