ಬೆಳವಣಿಗೆ ದರ ತಿರುಗಿಸಿದರೂ ಅಲುಗದ ಟರ್ಮಿನಲ್ ವ್ಯಾಲ್ಯೂ

"ಡಿಸಿಎಫ್‌ನಲ್ಲಿ ಬೇಕಾದ ಬೆಲೆ ಬರಿಸಬಹುದು, ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭವಾದ ಎಬಿಟ್ಡಾದ ಆರೇಳು ಪಟ್ಟು ಹಿಡಿದರೆ ಸಾಕು" ಅಂದವರೇ ಕೊನೆಗೆ ಮುಂದಿನ ವರ್ಷಗಳ ನಗದನ್ನು ಇಂದಿನ ಬೆಲೆಗೆ ಇಳಿಸುವ ನನ್ನ ಡಿಸಿಎಫ್ ಶೀಟ್ ಮುಂದಿಟ್ಟುಕೊಂಡು ಚೌಕಾಸಿಗೆ ಕೂತರು. ಮಾರಾಟಕ್ಕಿದ್ದ ಕಂಪನಿ ಪಂಪ್ ಬಿಡಿಭಾಗ ಮಾಡುವಂಥದ್ದು, ವಹಿವಾಟು ಸುಮಾರು 200 ಕೋಟಿ. ಅಂಕಿಗಳೆಲ್ಲ ನೆನಪಿನಿಂದ.

ಬಡ್ಡಿಗೆ ಮುಂಚಿನ ಲಾಭ 30 ಕೋಟಿ. 25.17% ತೆರಿಗೆ ಕಳೆದರೆ 22.5. ಸವಕಳಿ 8 ಕೂಡಿಸಿ, ಯಂತ್ರಗಳಿಗೆ 12 ಕಳೆದೆ. ವರ್ಕಿಂಗ್ ಕ್ಯಾಪಿಟಲ್ ಏರಿಕೆ 3.5 ಕೋಟಿ ಅಂತ ಹಿಡಿದಿದ್ದರಿಂದ ಫ್ರೀ ಕ್ಯಾಶ್ ಫ್ಲೋ 15 ಬಂತು. ಎಡವಿದ್ದು ಇಲ್ಲೇ. ಆ 3.5 ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನದು. ಮಾರ್ಚ್ ಕೊನೆಗೆ ಡೀಲರುಗಳ ಬಾಕಿಯನ್ನೆಲ್ಲ ಎಳೆದು ವಸೂಲಿ ಮಾಡುತ್ತಾರೆ, ಜೂನ್ ಹೊತ್ತಿಗೆ ಅದು ಮತ್ತೆ ಉಬ್ಬುತ್ತದೆ. ಲೆಡ್ಜರಿನಿಂದ ಹನ್ನೆರಡು ತಿಂಗಳ ಸರಾಸರಿ ತೆಗೆದಾಗ ಏರಿಕೆ 6 ಕೋಟಿ, ಫ್ರೀ ಕ್ಯಾಶ್ ಫ್ಲೋ 12.5. ಐದು ವರ್ಷ 12% ಬೆಳವಣಿಗೆ, 13% ಡಿಸ್ಕೌಂಟ್, ಆಮೇಲೆ 5% ಹಾಕಿದರೆ 261 ಕೋಟಿ ಇದ್ದ ಬೆಲೆ 218ಕ್ಕೆ ಇಳಿಯಿತು.

218ರಲ್ಲಿ ಸುಮಾರು 157 ಕೋಟಿ ಐದು ವರ್ಷದ ಆಚೆಗಿನ ನಗದಿನ ಬೆಲೆ, ಅಂದರೆ ಟರ್ಮಿನಲ್ ವ್ಯಾಲ್ಯೂನದೇ. ಕೊನೆಯ ಬೆಳವಣಿಗೆಯನ್ನು 5ರಿಂದ 6% ಮಾಡಿದರೆ ಒಟ್ಟು 242. ಒಂದು ಸೆಲ್ ಬದಲಿಸಿದ್ದಕ್ಕೆ 24 ಕೋಟಿ! ಜನ ಡಿಸಿಎಫ್ ನಂಬದಿರುವುದು ಇದಕ್ಕೇ. ತಪ್ಪು ಎಲ್ಲಿದೆ ಅಂದರೆ, ಹೆಚ್ಚು ಬೆಳೆಯಬೇಕಾದರೆ ಹೆಚ್ಚು ದುಡ್ಡು ಹೂಡಬೇಕು. ಮಾಮೂಲಿ ಸೂತ್ರದಲ್ಲಿ ಬೆಳವಣಿಗೆ ಪುಕ್ಕಟೆ. ಹಾಗಾಗಿ ಮರುಹೂಡಿಕೆಯನ್ನು ಬೆಳವಣಿಗೆಗೇ ಕಟ್ಟಿದೆ:

```
=NOPAT6*(1-g/ROIC)/(WACC-g)
```

ಪೈಪೋಟಿಯಲ್ಲಿ ಹೊಸ ಹೂಡಿಕೆಯ ಗಳಿಕೆ, ಅಂದರೆ ROIC, ಕೊನೆಗೆ ಬಂಡವಾಳದ ವೆಚ್ಚವಾದ WACCಗೇ ಬಂದು ನಿಲ್ಲುತ್ತದೆ ಅಂತ ಅದನ್ನೂ 13% ಇಟ್ಟೆ. ಆರನೇ ವರ್ಷದ ತೆರಿಗೆ ನಂತರದ ಲಾಭ, ಅಂದರೆ NOPAT6, 41.6 ಕೋಟಿ, ಅದರಲ್ಲಿ 38% ಮರುಹೂಡಿಕೆ. ಒಟ್ಟು ಬೆಲೆ 235. ಈಗ 6% ಹಾಕಿ ನೋಡಿ, 236 ದಾಟಿದರೆ ಹೆಚ್ಚು. ವಾದ ಅಲ್ಲಿಗೇ ನಿಂತಿತು. ಪೇಟೆಂಟೋ ಬ್ರ್ಯಾಂಡೋ ಇರುವ ಕಂಪನಿಗೆ ಇದೇ 13% ಹಾಕಿದರೆ ಬೆಲೆ ಕಮ್ಮಿ ಬರುತ್ತದೆ, ಅಲ್ಲಿ ROIC ಬೇರೆಯೇ ಇರಬೇಕು.

ಡಿಸ್ಕೌಂಟ್ ದರದ ಏರಿಳಿತ ಮಾತ್ರ ಹೋಗುವುದಿಲ್ಲ. ROIC ಮುಟ್ಟದೆ ದರವೊಂದನ್ನೇ 12% ಮಾಡಿದರೆ 270, 14% ಮಾಡಿದರೆ 207. ಇಳಿಸಿದಾಗ 35 ಕೋಟಿ ಏರುತ್ತದೆ, ಏರಿಸಿದಾಗ 28 ಇಳಿಯುತ್ತದೆ. ನಿವ್ವಳ ಸಾಲ 40 ಕೋಟಿ ಕಳೆದ ಮೇಲೆ ಷೇರುದಾರರಿಗೆ ಉಳಿಯುವುದು 230ರಿಂದ 167ರ ನಡುವೆ. ಸಾಲ ಕದಲುವುದಿಲ್ಲವಲ್ಲ, ಏಟೆಲ್ಲ ಈಕ್ವಿಟಿಗೇ.

ನಡುವೆ, ನಗದು ವರ್ಷದ ಮಧ್ಯದಲ್ಲಿ ಬರುತ್ತದೆ ಅಂತ ಹಿಡಿಯುವ ಮಿಡ್-ಇಯರ್ ಡಿಸ್ಕೌಂಟಿಂಗನ್ನೂ ಹಚ್ಚಿ ನೋಡಿದೆ, ಬೆಲೆ 6% ಮೇಲೇರಿತು. ಆದರೆ ಈ ಕಂಪನಿಯ ನಗದು ಬರುವುದೇ ಮಾರ್ಚ್‌ನಲ್ಲಿ, ಹಾಗಾಗಿ ಅದನ್ನು ತೆಗೆದು ಹಾಕಿದೆ. ವ್ಯವಹಾರ ಕುದುರಿದ್ದು ಸಾಲವೂ ಸೇರಿ 230 ಕೋಟಿ ಆಸುಪಾಸಿಗೆ.